ಖಾತೆ ಮೈನಸ್‌ಗೆ ಇಳಿದಾಗ: ತಡವಾದ ಮರುಜಮೆ ಮತ್ತು ಆಟೋ ಡೆಬಿಟ್ ಶುಲ್ಕದ ಕುರಿತು ಒಂದು ಟಿಪ್ಪಣಿ

ಉಳಿತಾಯ ಖಾತೆಯಲ್ಲಿ ಸಾಮಾನ್ಯವಾಗಿ ಸಾಲ ಪಡೆಯುವ ಸೌಲಭ್ಯ ಇರುವುದಿಲ್ಲ. ಅಂದಮೇಲೆ ಅದರ ಬಾಕಿ ಸೊನ್ನೆಗಿಂತ ಕೆಳಗೆ ಹೋಗಬಾರದು. ಆದರೂ ಹೋಗುತ್ತದೆ. ನನ್ನ ಮುಂದಿರುವ ಪಾಸ್‌ಬುಕ್ಕಿನ ಒಂದು ಪುಟದಲ್ಲಿ ಬಾಕಿಯ ಅಂಕಿಯ ಪಕ್ಕದಲ್ಲಿ ಎರಡು ಕಡೆ ಮೈನಸ್ ಗುರುತು ಇದೆ. ಪುಟ ನಮ್ಮ ಬೀದಿಯ ಹೊಲಿಗೆಯವರದು. ಹೊಲಿಗೆ ಯಂತ್ರಕ್ಕೆಂದು ಒಂದು ಹಣಕಾಸು ಸಂಸ್ಥೆಯಿಂದ ಸಾಲ ಪಡೆದು ತಿಂಗಳಿಗೆ 3,150 ರೂಪಾಯಿ ಕಂತು ಕಟ್ಟುತ್ತಾರೆ. ಬ್ಯಾಂಕಿನ ಹೆಸರಾಗಲಿ, ಸಾಲ ಕೊಟ್ಟವರ ಹೆಸರಾಗಲಿ ಇಲ್ಲಿ ಬೇಕಿಲ್ಲ. ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ದುಂಡಾಗಿಸಿದ್ದೇನೆ, ಅಷ್ಟೆ.

ಇಂಥ ಶುಲ್ಕವನ್ನು ಮನ್ನಾ ಮಾಡಿಸಲು ಹೋಗುವವರು ಸಾಮಾನ್ಯವಾಗಿ ಒಂದೇ ನಿಯಮವನ್ನು ಮುಂದಿಡುತ್ತಾರೆ: ‘ಶುಲ್ಕ ಹಾಕಿ ಖಾತೆಯನ್ನು ಮೈನಸ್‌ಗೆ ಇಳಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ.’ ಈ ಮಾತು ಅರ್ಧ ಮಾತ್ರ ಸರಿ. ಸರಿಯಿಲ್ಲದ ಅರ್ಧವನ್ನು ಹಿಡಿದುಕೊಂಡು ಹೋದವರು ಶಾಖೆಯಿಂದ ಬರಿಗೈಯಲ್ಲಿ ಬರುತ್ತಾರೆ. ನಿಜವಾಗಿ ಕೆಲಸ ಮಾಡುವ ಆಧಾರ ಬೇರೆ ಕಡೆ ಇದೆ. ಅದು ಶುಲ್ಕದ ನಿಯಮವಲ್ಲ, ವಿಫಲವಾದ ಪಾವತಿಯ ಹಣ ಎಷ್ಟು ದಿನದೊಳಗೆ ವಾಪಸ್ ಬರಬೇಕು ಎಂಬ ನಿಯಮ.

ಮೊದಲು ಪುಟವನ್ನು ಓದೋಣ.

ತಿಂಗಳ 2ರಂದು ಖಾತೆಯಲ್ಲಿ 6,400 ರೂಪಾಯಿ ಇತ್ತು. 3ರಂದು ಬಟ್ಟೆ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಕೊಂಡು ಯುಪಿಐಯಲ್ಲಿ 3,500 ರೂಪಾಯಿ ಕಳಿಸಿದರು. ಫೋನಿನಲ್ಲಿ ಚಕ್ರ ತಿರುಗುತ್ತ ನಿಂತಿತು. ಖಾತೆಯಿಂದ ಹಣ ಹೋಯಿತೆಂದು ಎಸ್ಸೆಮ್ಮೆಸ್ ಬಂತು, ಅಂಗಡಿಯ ಪೆಟ್ಟಿಗೆ ಮಾತ್ರ ಮಾತಾಡಲಿಲ್ಲ. ಅಂಗಡಿಯವರು ‘ಬಂದಿಲ್ಲಮ್ಮ’ ಎಂದರು. ಇವರು ಕೈಯಲ್ಲಿದ್ದ ನಗದು ಕೊಟ್ಟು ಬಂದರು. ಖಾತೆಯಲ್ಲಿ ಉಳಿದದ್ದು 2,900.

5ರಂದು ಕಂತಿನ ಆಟೋ ಡೆಬಿಟ್ ಬಂತು. ಬೇಕಾದದ್ದು 3,150, ಇದ್ದದ್ದು 2,900, ಕೊರತೆ 250. ಸಾಲದ ಕಂತುಗಳನ್ನು ಎಳೆದುಕೊಳ್ಳುವ ನ್ಯಾಚ್ ವ್ಯವಸ್ಥೆಯಲ್ಲಿ ‘ಇದ್ದಷ್ಟು ಕೊಡು’ ಎಂಬುದಿಲ್ಲ. ಪೂರ್ತಿ ಮೊತ್ತ ಹೋಗಬೇಕು, ಇಲ್ಲವೇ ಕೋರಿಕೆ ಪೂರ್ತಿಯಾಗಿ ವಾಪಸಾಗಬೇಕು. 250 ರೂಪಾಯಿ ಕಡಿಮೆ ಇದ್ದರೂ ಒಂದೇ, 3,000 ಕಡಿಮೆ ಇದ್ದರೂ ಒಂದೇ. ವಾಪಸಾಯಿತು. ಅದಕ್ಕೆ ಬ್ಯಾಂಕು 500 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 590 ತೆಗೆದುಕೊಂಡಿತು. ಬಾಕಿ 2,310.

ಇವರಿಗೆ ಅದು ಗೊತ್ತಾಗಲಿಲ್ಲ. 7ರಂದು ಮನೆ ಖರ್ಚಿಗೆ 2,000 ತೆಗೆದರು. ಉಳಿದದ್ದು 310.

10ರಂದು ಸಾಲ ಕೊಟ್ಟವರು ಅದೇ ಕಂತನ್ನು ಎರಡನೆಯ ಸಲ ಕೇಳಿದರು. ಮತ್ತೆ ಬೌನ್ಸ್, ಮತ್ತೆ 590. ಖಾತೆಯಲ್ಲಿ 310 ಮಾತ್ರ ಇದ್ದುದರಿಂದ ಬಾಕಿ ಮೈನಸ್ 280. 15ರಂದು ಮೂರನೆಯ ಸಲ. ಬಾಕಿ ಮೈನಸ್ 870. ಕೊನೆಗೆ 17ರಂದು, 3ರಂದು ಹೋಗಿದ್ದ 3,500 ರೂಪಾಯಿ ವಾಪಸ್ ಬಂತು. ಅದರಲ್ಲಿ 870 ಹಿಂದಿನ ಹಳ್ಳ ತುಂಬಲು ಹೋಗಿ ಬಾಕಿ 2,630ಕ್ಕೆ ನಿಂತಿತು. ತಪ್ಪೇ ಮಾಡದ ಒಂದು ಪಾವತಿಯಿಂದ ಶುರುವಾಗಿ ಬ್ಯಾಂಕಿನ ಶುಲ್ಕವೇ 1,770 ರೂಪಾಯಿ ಆಗಿತ್ತು. ಸಾಲ ಕೊಟ್ಟವರು ತಮ್ಮ ಲೆಕ್ಕದಲ್ಲಿ ಹಾಕಿದ ಬೌನ್ಸ್ ಶುಲ್ಕ ಬೇರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಲ್ಲ ಬ್ಯಾಂಕುಗಳಲ್ಲೂ ಬಾಕಿ ಹೀಗೆ ಕಣ್ಣಿಗೆ ಕಾಣುವಂತೆ ಮೈನಸ್ ಆಗುವುದಿಲ್ಲ. ಕೆಲವು ಕಡೆ ಖಾತೆಯಲ್ಲಿ ಇದ್ದಷ್ಟನ್ನು ತೆಗೆದುಕೊಂಡು ಉಳಿದ ಶುಲ್ಕವನ್ನು ಲೀನ್ ಎಂದು ಕಟ್ಟಿಡುತ್ತಾರೆ. ಬಾಕಿ ಸೊನ್ನೆ ಎಂದೋ ಹತ್ತು ರೂಪಾಯಿ ಎಂದೋ ಕಾಣುತ್ತದೆ. ಮುಂದೆ ಸಂಬಳವೋ ಪಿಂಚಣಿಯೋ ಜಮೆಯಾದ ಕೂಡಲೇ ಆ ಹಣ ಕಡಿತವಾಗುತ್ತದೆ. ಬಾಕಿಯ ಮೊತ್ತಕ್ಕೂ ತೆಗೆಯಬಹುದಾದ ಮೊತ್ತಕ್ಕೂ ವ್ಯತ್ಯಾಸ ಕಂಡರೆ ಲೀನ್ ಇದೆಯೆಂದು ತಿಳಿಯಬೇಕು. ಮೈನಸ್ ಆಗಿರಲಿ ಲೀನ್ ಆಗಿರಲಿ, ಮುಂದಿನ ವಾದ ಎರಡಕ್ಕೂ ಒಂದೇ.

ಈಗ ಎಲ್ಲರೂ ಹೇಳುವ ಆ ನಿಯಮಕ್ಕೆ ಬರೋಣ. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಉಳಿತಾಯ ಖಾತೆಯಲ್ಲಿ ಕನಿಷ್ಠ ಬಾಕಿ ಇಡದಿದ್ದರೆ ಹಾಕುವ ದಂಡ ಹೇಗಿರಬೇಕು ಎಂಬುದು ಅದರ ವಿಷಯ. ಗ್ರಾಹಕರಿಗೆ ಮೊದಲು ತಿಳಿಸಬೇಕು, ಬಾಕಿ ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು, ದಂಡ ಕೊರತೆಗೆ ತಕ್ಕಂತೆ ಇರಬೇಕು, ಕೇವಲ ಆ ದಂಡದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು ಎಂದು ಅದು ಹೇಳುತ್ತದೆ. ಕೊನೆಯ ಮಾತನ್ನು ಸಂದರ್ಭದಿಂದ ಕಿತ್ತು ತೆಗೆದರೆ ಎಲ್ಲ ಶುಲ್ಕಕ್ಕೂ ಅನ್ವಯಿಸುವಂತೆ ಕೇಳಿಸುತ್ತದೆ. ಮೂಲದಲ್ಲಿ ಅದು ಕನಿಷ್ಠ ಬಾಕಿಯ ದಂಡಕ್ಕೆ ಮಾತ್ರ ಕಟ್ಟಿದ ಮಾತು. ಆಟೋ ಡೆಬಿಟ್ ವಾಪಸಾದದ್ದಕ್ಕೆ ಹಾಕುವ ಶುಲ್ಕ ಬೇರೆಯದೇ ಬಾಬತ್ತು. ಬ್ಯಾಂಕಿನವರು ಸುತ್ತೋಲೆಯನ್ನು ತೆರೆದು ಈ ವ್ಯತ್ಯಾಸವನ್ನು ತೋರಿಸಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಹಾಗೆಂದು ಆ ಸುತ್ತೋಲೆ ಪೂರ್ತಿ ನಿರುಪಯೋಗಿಯಲ್ಲ. ಸ್ಟೇಟ್‌ಮೆಂಟಿನಲ್ಲಿ ಬೌನ್ಸ್ ಶುಲ್ಕದ ಜೊತೆಗೆ ಕನಿಷ್ಠ ಬಾಕಿಯ ದಂಡವೂ ಬಿದ್ದಿದ್ದರೆ, ಆ ಒಂದು ಸಾಲಿಗೆ ಈ ನಿಯಮ ನೇರವಾಗಿ ಸಲ್ಲುತ್ತದೆ. ಆದ್ದರಿಂದ ಮೊದಲ ಕೆಲಸ ಶುಲ್ಕಗಳನ್ನು ಬಿಡಿಸಿ ಓದುವುದು. ‘ನನ್ನ ಖಾತೆಯಿಂದ ಎರಡು ಸಾವಿರ ಕತ್ತರಿಸಿದ್ದೀರಿ’ ಎನ್ನುವ ದೂರಿಗಿಂತ ‘ಇಂಥ ತಾರೀಖಿನ ಈ ಸಾಲು, ಈ ಬಾಬತ್ತು’ ಎನ್ನುವ ದೂರು ಎಷ್ಟೋ ಗಟ್ಟಿ. ಹೊಲಿಗೆಯವರ ಪುಟದಲ್ಲಿ ಕನಿಷ್ಠ ಬಾಕಿಯ ದಂಡ ಇರಲಿಲ್ಲ, ಅವರದು ಆ ಷರತ್ತೇ ಇಲ್ಲದ ಖಾತೆ. ಹಾಗಾಗಿ 2014ರ ಸುತ್ತೋಲೆಯನ್ನು ನಾವು ಪತ್ರದಲ್ಲಿ ಎತ್ತಲೇ ಇಲ್ಲ.

ಎತ್ತಿದ್ದು 2019ರ ಸೆಪ್ಟೆಂಬರ್ 20ರ ಸುತ್ತೋಲೆಯನ್ನು. ವಿಫಲವಾದ ವಹಿವಾಟಿನ ಹಣ ಎಷ್ಟು ದಿನದಲ್ಲಿ ಮರಳಬೇಕು, ತಡವಾದರೆ ಏನು ಪರಿಹಾರ ಎಂಬುದನ್ನು ಎಟಿಎಂ, ಕಾರ್ಡು, ಐಎಂಪಿಎಸ್, ಯುಪಿಐ, ನ್ಯಾಚ್ ಹೀಗೆ ಒಂದೊಂದು ವಿಧಕ್ಕೂ ಅದು ಪಟ್ಟಿ ಮಾಡಿ ಹೇಳುತ್ತದೆ. ವಹಿವಾಟು ನಡೆದ ದಿನವನ್ನು ಅದು ‘ಟಿ’ ಎಂದು ಕರೆಯುತ್ತದೆ. ಎಣಿಸುವುದು ಕ್ಯಾಲೆಂಡರ್ ದಿನಗಳನ್ನು, ಬ್ಯಾಂಕಿನ ಕೆಲಸದ ದಿನಗಳನ್ನಲ್ಲ. ‘ನಡುವೆ ಎರಡನೇ ಶನಿವಾರ, ಭಾನುವಾರ ಬಂತಲ್ಲ’ ಎಂಬ ಮಾತು ಕೌಂಟರಿನಲ್ಲಿ ಕೇಳಿದರೆ ಇದನ್ನು ನೆನಪಿಸಬಹುದು.

ಯುಪಿಐಗೆ ಅದರಲ್ಲಿ ಎರಡು ಗಡುವುಗಳಿವೆ, ಜನ ಎಡವುವುದು ಇಲ್ಲೇ. ಒಬ್ಬರಿಂದ ಇನ್ನೊಬ್ಬರ ಖಾತೆಗೆ ಕಳಿಸಿದ ಹಣ ಅತ್ತ ಜಮೆಯಾಗದಿದ್ದರೆ ಮರುದಿನದೊಳಗೆ, ಎಂದರೆ ಟಿ ಜೊತೆ 1 ದಿನದಲ್ಲಿ, ತಾನಾಗಿ ಮರಳಬೇಕು. ಅಂಗಡಿಗೆ, ವ್ಯಾಪಾರಿಗೆ ಕೊಟ್ಟ ಹಣಕ್ಕೆ ಅತ್ತಿಂದ ಖಾತರಿ ಬರದಿದ್ದರೆ ಗಡುವು ಟಿ ಜೊತೆ 5 ದಿನ. ಗಡುವು ಮೀರಿದ ಮೇಲೆ ಎರಡಕ್ಕೂ ದಿನಕ್ಕೆ 100 ರೂಪಾಯಿ ಪರಿಹಾರ. ಈ ಪರಿಹಾರವನ್ನು ಗ್ರಾಹಕ ಕೇಳಬೇಕಾಗಿಲ್ಲ, ದೂರಿಗಾಗಿ ಕಾಯದೆ ಬ್ಯಾಂಕು ತಾನೇ ಖಾತೆಗೆ ಹಾಕಬೇಕು ಎಂದೂ ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ. ತಾನಾಗಿ ಬರುವುದೋ ಇಲ್ಲವೋ ಎಂಬುದು ಬೇರೆ ಮಾತು. ಹೊಲಿಗೆಯವರಿಗೆ ಬಂದಿರಲಿಲ್ಲ.

ಯಾವುದನ್ನು ವಿಫಲ ಎನ್ನುವುದು? ಗ್ರಾಹಕರ ತಪ್ಪಿಲ್ಲದ ಕಾರಣದಿಂದ, ಉದಾಹರಣೆಗೆ ಸಂಪರ್ಕ ಕಡಿದು ಅಥವಾ ಸಮಯ ಮೀರಿ, ಪೂರ್ತಿಯಾಗದ ವಹಿವಾಟನ್ನು. ತಪ್ಪಾದ ನಂಬರಿಗೆ ತಾವೇ ಕಳಿಸಿದ್ದರೆ ಈ ಗಡುವು ಅನ್ವಯಿಸುವುದಿಲ್ಲ. ಅಂಗಡಿಯ ಖಾತೆಗೆ ಹಣ ನಿಜಕ್ಕೂ ಜಮೆಯಾಗಿ, ಅಂಗಡಿಯವರು ಗಮನಿಸದೆ ನಗದನ್ನೂ ಪಡೆದಿದ್ದರೆ, ಆಗಲೂ ಅನ್ವಯಿಸುವುದಿಲ್ಲ. ಆ ಹಣವನ್ನು ಅಂಗಡಿಯವರೇ ಹಿಂದಿರುಗಿಸಬೇಕು. ಆದ್ದರಿಂದ ಬ್ಯಾಂಕು ಮೊದಲು ಹುಡುಕುವ ತಪ್ಪಿಸಿಕೊಳ್ಳುವ ದಾರಿ ಇದೇ: ‘ಅತ್ತ ಕಡೆ ಸಕ್ಸಸ್ ಅಂತ ಇತ್ತು.’ ಇದಕ್ಕೆ ಉತ್ತರ ಸ್ಟೇಟ್‌ಮೆಂಟಿನಲ್ಲೇ ಇದೆ. 17ರಂದು ಬಂದ ಜಮೆಯ ಸಾಲಿನಲ್ಲಿ 3ನೆಯ ತಾರೀಖಿನ ಪಾವತಿಯ ಅದೇ 12 ಅಂಕಿಯ ಉಲ್ಲೇಖ ಸಂಖ್ಯೆ ಇತ್ತು, ಅದು ಮರುಜಮೆ ಎಂದು ಬ್ಯಾಂಕೇ ಬರೆದಿತ್ತು. ವಹಿವಾಟು ವಿಫಲವಾಗಿತ್ತು ಎನ್ನಲು ಬ್ಯಾಂಕಿನ ಕೈಬರಹಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗ ಕಾರಣ-ಕಾರ್ಯದ ಲೆಕ್ಕ. ಟಿ ಎಂದರೆ 3. ಟಿ ಜೊತೆ 5 ಎಂದರೆ 8. ಹಣ ಬಂದದ್ದು 17ಕ್ಕೆ. 9 ದಿನ ತಡ, ಪರಿಹಾರ 900 ರೂಪಾಯಿ. ಇಷ್ಟರ ಬಗ್ಗೆ ವಾದಕ್ಕೆ ಜಾಗವಿಲ್ಲ.

ಶುಲ್ಕಗಳ ವಿಷಯ ಅಷ್ಟು ಸರಳವಲ್ಲ. ಸುತ್ತೋಲೆ ದಿನಕ್ಕೆ 100 ರೂಪಾಯಿ ಎನ್ನುತ್ತದೆಯೇ ಹೊರತು, ತಡದಿಂದ ಬೌನ್ಸ್ ಆದ ಕಂತಿನ ಶುಲ್ಕವನ್ನು ಬಿಡಬೇಕು ಎಂದು ಎಲ್ಲಿಯೂ ಹೇಳುವುದಿಲ್ಲ. ಆ ಕೊಂಡಿಯನ್ನು ನಾವೇ ತೋರಿಸಬೇಕು. ತೋರಿಸುವ ರೀತಿ ಹೀಗೆ: ಹಣ ಗಡುವಿನ ಕೊನೆಯ ದಿನಕ್ಕೆ ಬಂದಿದ್ದರೆ ಖಾತೆಯಲ್ಲಿ ಎಷ್ಟಿರುತ್ತಿತ್ತು ಎಂದು ಪ್ರತಿ ಬೌನ್ಸಿನ ದಿನಕ್ಕೂ ಮತ್ತೊಮ್ಮೆ ಲೆಕ್ಕ ಹಾಕುವುದು.

ಮೊದಲ ಬೌನ್ಸ್ 5ರಂದು. ಆಗ ಗಡುವು ಇನ್ನೂ ಮುಗಿದಿರಲಿಲ್ಲ. ನಿಯಮದ ಕಣ್ಣಿನಲ್ಲಿ 8ರವರೆಗೆ ಹಣ ಬರದೇ ಇರುವುದು ತಪ್ಪಲ್ಲ. ಗ್ರಾಹಕಿಗೆ ಇದು ಅನ್ಯಾಯವೆಂದೇ ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ಈ 590 ರೂಪಾಯಿಯನ್ನು ಹಕ್ಕಿನಿಂದ ಕೇಳಲು ಆಧಾರವಿಲ್ಲ. ಸೌಜನ್ಯದಿಂದ ಬಿಡಿ ಎಂದು ಕೇಳಬಹುದು.

ಎರಡನೆಯ ಬೌನ್ಸ್ 10ರಂದು. 8ಕ್ಕೆ 3,500 ಬಂದಿದ್ದರೆ ಆ ದಿನ ಖಾತೆಯಲ್ಲಿ 310 ಮತ್ತು 3,500, ಒಟ್ಟು 3,810 ಇರುತ್ತಿತ್ತು. ಗಮನಿಸಿ, ಮೊದಲ ಶುಲ್ಕದ 590 ಕಳೆದ ಮೇಲೂ, 7ರಂದು ತೆಗೆದ 2,000 ಕಳೆದ ಮೇಲೂ ಇಷ್ಟು. ಕಂತಿಗೆ ಬೇಕಾದದ್ದು 3,150. ಕಂತು ಹೋಗಿ 660 ಉಳಿಯುತ್ತಿತ್ತು. ಎಂದರೆ ಈ ಬೌನ್ಸಿಗೆ ಕಾರಣ ಗ್ರಾಹಕಿಯ ಖರ್ಚಲ್ಲ, ಗಡುವು ಮೀರಿದ ತಡ. ಇನ್ನು 15ರ ಮೂರನೆಯ ಬೌನ್ಸು: 10ರಂದೇ ಕಂತು ಹೋಗಿದ್ದರೆ ಸಾಲ ಕೊಟ್ಟವರು ಮತ್ತೆ ಕೇಳುತ್ತಲೇ ಇರಲಿಲ್ಲ. ಈ ಎರಡು ಶುಲ್ಕ, ಒಟ್ಟು 1,180 ರೂಪಾಯಿ, ತಡಕ್ಕೆ ನೇರವಾಗಿ ಅಂಟಿಕೊಂಡಿವೆ. ಖಾತೆ ಮೈನಸ್‌ಗೆ ಹೋದದ್ದೂ ಈ ಎರಡರಿಂದಲೇ.

ಮೂರನ್ನೂ ಒಂದೇ ಉಸಿರಿನಲ್ಲಿ ‘ಅನ್ಯಾಯ’ ಎಂದು ಕರೆದಿದ್ದರೆ ಬ್ಯಾಂಕು ಮೊದಲನೆಯದನ್ನು ತೋರಿಸಿ ಮೂರನ್ನೂ ತಳ್ಳಿಹಾಕುವುದು ಸುಲಭವಿತ್ತು. ದುರ್ಬಲವಾದ ಬೇಡಿಕೆಯನ್ನು ನಾವೇ ಬೇರೆಯಿಟ್ಟರೆ ಉಳಿದ ಎರಡರ ಬಲ ಹೆಚ್ಚುತ್ತದೆ. ಈ ವಿಂಗಡಣೆ ಮಾಡದೆ ಪತ್ರ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ಶಾಖೆಗೆ ಕೊಟ್ಟ ಪತ್ರ ಒಂದೇ ಪುಟದ್ದು. ಅದರ ತಿರುಳು ಹೀಗಿತ್ತು:

“ಮಾನ್ಯ ಶಾಖಾ ವ್ಯವಸ್ಥಾಪಕರಿಗೆ, ನನ್ನ ಖಾತೆಯಿಂದ ದಿನಾಂಕ 3ರಂದು ಯುಪಿಐ ಮೂಲಕ ಅಂಗಡಿಗೆ ಹೋದ ರೂ. 3,500 ವಿಫಲವಾಗಿ ದಿನಾಂಕ 17ರಂದು ಮರುಜಮೆಯಾಗಿದೆ. ಎರಡೂ ನಮೂದುಗಳ ಉಲ್ಲೇಖ ಸಂಖ್ಯೆ ಒಂದೇ. ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯಂತೆ ಇದು 8ರೊಳಗೆ ಮರಳಬೇಕಿತ್ತು. 9 ದಿನದ ತಡಕ್ಕೆ ರೂ. 900 ಪರಿಹಾರ ಜಮೆಯಾಗಿಲ್ಲ. ಹಣ 8ಕ್ಕೆ ಬಂದಿದ್ದರೆ 10ರಂದು ಖಾತೆಯಲ್ಲಿ ರೂ. 3,810 ಇದ್ದು ರೂ. 3,150ರ ಕಂತು ಪಾಸಾಗುತ್ತಿತ್ತು. ಆದ್ದರಿಂದ 10 ಮತ್ತು 15ರ ವಾಪಸಾತಿ ಶುಲ್ಕಗಳನ್ನು ಜಿಎಸ್‌ಟಿ ಸಹಿತ ರೂ. 1,180 ಹಿಂದಿರುಗಿಸಬೇಕು. 5ರ ಶುಲ್ಕವನ್ನು ಸೌಜನ್ಯದ ನೆಲೆಯಲ್ಲಿ ಮನ್ನಾ ಮಾಡಲು ಕೋರುತ್ತೇನೆ. ನಿಮ್ಮ ಉತ್ತರವನ್ನು ದೂರಿನ ಸಂಖ್ಯೆಯೊಂದಿಗೆ ಲಿಖಿತವಾಗಿ ಕೊಡಿ.”

ಜೊತೆಗೆ ಸ್ಟೇಟ್‌ಮೆಂಟಿನ ಆ ಒಂದು ಪುಟ, ಫೋನಿನಲ್ಲಿ 3ರ ಪಾವತಿಯ ಚಿತ್ರ, ಅಂಗಡಿಯವರು ನಗದು ಪಡೆದು ಕೊಟ್ಟ ಬಿಲ್ಲು. ನಮ್ಮ ಪ್ರತಿಯ ಮೇಲೆ ಶಾಖೆಯ ಮುದ್ರೆ ಹಾಕಿಸಿಕೊಂಡೆವು. ಅದೇ ವಿಷಯವನ್ನು ಬ್ಯಾಂಕಿನ ಆ್ಯಪಿನಲ್ಲೂ ದೂರಾಗಿ ದಾಖಲಿಸಿದೆವು. ಮುದ್ರೆಯ ಪ್ರತಿಗಿಂತ ದೂರಿನ ಸಂಖ್ಯೆ ಮುಖ್ಯ, ಏಕೆಂದರೆ ಮುಂದಿನ ಹಂತದ ಗಡಿಯಾರ ಓಡುವುದು ದೂರು ಕೊಟ್ಟ ದಿನದಿಂದ.

ಪತ್ರದ ‘ಜಿಎಸ್‌ಟಿ ಸಹಿತ’ ಎಂಬ ಪದವನ್ನು ಬೇಕೆಂದೇ ಹಾಕಿದ್ದು. ಶುಲ್ಕ ಮತ್ತು ಅದರ ತೆರಿಗೆ ಸ್ಟೇಟ್‌ಮೆಂಟಿನಲ್ಲಿ ಹಲವು ಸಲ ಎರಡು ಸಾಲಾಗಿ ಬೀಳುತ್ತವೆ. ಮನ್ನಾ ಮಾಡುವಾಗ 500 ಮಾತ್ರ ವಾಪಸ್ ಬಂದು 90 ಉಳಿದುಹೋಗುವುದುಂಟು. ಶುಲ್ಕವೇ ಇಲ್ಲವೆಂದಾದ ಮೇಲೆ ಅದರ ಮೇಲಿನ ತೆರಿಗೆಯನ್ನು ಇಟ್ಟುಕೊಳ್ಳಲು ಕಾರಣವಿಲ್ಲ.

ಕೌಂಟರಿನಲ್ಲಿ ಸಿಕ್ಕ ಮೊದಲ ಉತ್ತರ ನಿರೀಕ್ಷಿಸಿದ್ದೇ. ‘ಇದು ಸಿಸ್ಟಂ ಹಾಕುವ ಚಾರ್ಜು, ಅಮ್ಮ. ನಮ್ಮ ಕೈಯಲ್ಲಿಲ್ಲ.’ ಮಾತು ಸುಳ್ಳೇನಲ್ಲ. ಕಂತು ವಾಪಸಾದ ಕೂಡಲೇ ಶುಲ್ಕ ತಾನಾಗಿ ಬೀಳುತ್ತದೆ, ಗುಮಾಸ್ತರು ಯಾರೂ ಕೂತು ಹಾಕುವುದಿಲ್ಲ. ಆದರೆ ಹಾಕಿದ್ದನ್ನು ತೆಗೆಯುವುದು ಮನುಷ್ಯರ ಕೆಲಸ, ಅದಕ್ಕೆ ಬ್ಯಾಂಕಿನಲ್ಲಿ ಅಧಿಕಾರದ ಮೆಟ್ಟಿಲುಗಳಿವೆ. ಶಾಖೆಯ ಮಟ್ಟದಲ್ಲಿ ಆಗದಿದ್ದರೆ ಪ್ರಾದೇಶಿಕ ಕಚೇರಿಗೆ ಕಳಿಸಿ ಎಂದು ಕೇಳುವುದೇ ಸರಿಯಾದ ಮುಂದಿನ ಮಾತು. ‘ಒಂದು ಚಾರ್ಜು ಬಿಡಿಸಿಕೊಡ್ತೀವಿ, ದೂರು ಮುಗಿಸಿ’ ಎಂಬ ಎರಡನೆಯ ಉತ್ತರವೂ ಬಂತು. ಆ್ಯಪಿನಲ್ಲಿ ದೂರು ಬಗೆಹರಿದಿದೆ ಎಂದು ಒಪ್ಪಿಕೊಂಡರೆ ಮುಂದೆ ಮೇಲಕ್ಕೆ ಹೋಗುವಾಗ ಅದೇ ನಮಗೆ ಅಡ್ಡ ಬರುತ್ತದೆ. ಹಣ ಖಾತೆಯಲ್ಲಿ ಕಾಣುವ ತನಕ ಒಪ್ಪಬಾರದು.

ಈ ನಡುವೆ ತಡೆಯಬೇಕಾದ ಇನ್ನೊಂದು ಸೋರಿಕೆ ಸಾಲ ಕೊಟ್ಟವರ ಕಡೆಯಿಂದ. ಒಂದು ಬೌನ್ಸಿಗೆ ಎರಡು ಕಡೆ ಶುಲ್ಕ ಬೀಳುತ್ತದೆ: ಒಂದು ನಿಮ್ಮ ಬ್ಯಾಂಕಿನದು, ಇನ್ನೊಂದು ಸಾಲದ ಖಾತೆಯಲ್ಲಿ. ಇವೆರಡೂ ಬೇರೆ ಬೇರೆ ಸಂಸ್ಥೆಗಳವು, ಒಂದರ ಮನ್ನಾ ಇನ್ನೊಂದಕ್ಕೆ ತಾಗುವುದಿಲ್ಲ. ಮೊದಲ ಬೌನ್ಸಿನ ಎಸ್ಸೆಮ್ಮೆಸ್ ಕಂಡ ದಿನವೇ ಕಂತನ್ನು ಬೇರೆ ದಾರಿಯಲ್ಲಿ, ಸಾಲ ಕೊಟ್ಟವರ ಆ್ಯಪಿನಲ್ಲೋ ಕಚೇರಿಯಲ್ಲೋ, ಕಟ್ಟಿ ರಸೀದಿ ಪಡೆದು ‘ಈ ತಿಂಗಳು ಮ್ಯಾಂಡೇಟನ್ನು ಮತ್ತೆ ಕಳಿಸಬೇಡಿ’ ಎಂದು ಬರೆದು ತಿಳಿಸಿದರೆ ಎರಡನೆಯ, ಮೂರನೆಯ ಬೌನ್ಸು ಹುಟ್ಟುವುದೇ ಇಲ್ಲ. ಮತ್ತೆ ಕಳಿಸುವ ತೀರ್ಮಾನ ಸಾಲ ಕೊಟ್ಟವರದು, ನಿಮ್ಮ ಬ್ಯಾಂಕಿಗೆ ಅದನ್ನು ತಡೆಯುವ ಕಾರಣವಿರುವುದಿಲ್ಲ. ಕಟ್ಟದೆ ಬಿಡುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೆಯ ಕಲಂ, ಹಣವಿಲ್ಲದೆ ವಾಪಸಾದ ಎಲೆಕ್ಟ್ರಾನಿಕ್ ಪಾವತಿಯನ್ನು ಚೆಕ್ ಬೌನ್ಸಿನಂತೆಯೇ ಅಪರಾಧವಾಗಿ ಕಾಣುತ್ತದೆ. ನೋಟಿಸು ಬಂದ 15 ದಿನದೊಳಗೆ ಹಣ ಕಟ್ಟಿದರೆ ಅದು ಅಲ್ಲಿಗೆ ನಿಲ್ಲುತ್ತದೆ. ವಸೂಲಿಯವರು ಫೋನಿನಲ್ಲಿ ಈ ಕಲಂ ಹೇಳಿ ಹೆದರಿಸುವುದುಂಟು, ನೋಟಿಸಿನ ವಿಷಯವನ್ನು ಮಾತ್ರ ನುಂಗಿಬಿಡುತ್ತಾರೆ.

ಸಾಲದ ಕಡೆಯ ಶುಲ್ಕಕ್ಕೆ ಬೇರೆ ಪತ್ರ ಬೇಕು, ಬೇರೆ ಆಧಾರವೂ ಬೇಕು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸಾಲದ ದಂಡದ ಬಗ್ಗೆ ಸೂಚನೆ ಕೊಟ್ಟಿತು: ದಂಡ ಸಮಂಜಸವಾಗಿರಬೇಕು, ಅದನ್ನು ಅಸಲಿಗೆ ಸೇರಿಸಿ ಬಡ್ಡಿ ಎಳೆಯಬಾರದು. ಸಾಲದ ಲೆಕ್ಕದ ಪ್ರತಿ ತರಿಸಿಕೊಂಡು ಅದನ್ನು ನೋಡಬೇಕು. ತಡ ಬ್ಯಾಂಕಿನದೆಂದು ತೋರಿಸುವ ಉತ್ತರ ಕೈಗೆ ಬಂದ ಮೇಲೆ ಅದರ ಪ್ರತಿಯನ್ನಿಟ್ಟು ಸಾಲ ಕೊಟ್ಟವರನ್ನು ಕೇಳುವುದು ಒಳ್ಳೆಯ ಕ್ರಮ. ಅವರಿಗೆ ಬಿಡಲೇಬೇಕೆಂಬ ಕಟ್ಟುಪಾಡಿಲ್ಲ. ಕಂತು ತಡವಾಯಿತೆಂದು ಸಾಲದ ಚರಿತ್ರೆಯ ವರದಿಯಲ್ಲಿ ದಾಖಲಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.

ಬ್ಯಾಂಕು ಒಪ್ಪದಿದ್ದರೆ ಮುಂದೇನು? ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಇದು ಒಂದೇ ವ್ಯವಸ್ಥೆಯಾಗಿದೆ. ದೂರು ದಾಖಲಿಸುವ ತಾಣ cms.rbi.org.in, ಮಾಹಿತಿಗೆ ಉಚಿತ ದೂರವಾಣಿ 14448. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ, ಅಥವಾ ಉತ್ತರ ಬಾರದಿರುವಾಗ 30 ದಿನ ತುಂಬುವ ಮೊದಲೇ ಅವಸರಪಟ್ಟರೆ, ದೂರು ಓದದೆಯೇ ಮುಚ್ಚಿಹೋಗುತ್ತದೆ. ಇದಕ್ಕೂ ಮುಂಚಿನ ಒಂದು ಮೆಟ್ಟಿಲನ್ನು ಜನ ಮರೆಯುತ್ತಾರೆ. ದೊಡ್ಡ ವಾಣಿಜ್ಯ ಬ್ಯಾಂಕುಗಳೊಳಗೇ ಆಂತರಿಕ ಓಂಬುಡ್ಸ್‌ಮನ್ ಎಂಬ ಅಧಿಕಾರಿ ಇರುತ್ತಾರೆ. ದೂರನ್ನು ಪೂರ್ತಿಯಾಗಿ ಅಥವಾ ಭಾಗಶಃ ತಳ್ಳಿಹಾಕುವ ಮೊದಲು ಬ್ಯಾಂಕು ಅದನ್ನು ಅವರ ಮುಂದೆ ಇಡಬೇಕು. ಅವರ ಬಳಿಗೆ ನಾವು ನೇರವಾಗಿ ಹೋಗಲಾಗದು. ಆದರೆ ನಿರಾಕರಣೆಯ ಪತ್ರ ಬಂದಾಗ ‘ಇದನ್ನು ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರೆಯೇ?’ ಎಂದು ಒಂದು ಸಾಲು ಬರೆದು ಕೇಳಬಹುದು. ಆ ಒಂದು ಸಾಲಿಗೆ ಕಡತಗಳು ಜಾಗ ಬದಲಾಯಿಸುವುದನ್ನು ನೋಡಿದ್ದೇನೆ.

ಈ ವಾದ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಗಡುವಿನೊಳಗೆ ಹಣ ಬಂದಿದ್ದರೆ, ಬೌನ್ಸು ಎಷ್ಟೇ ನೋವು ಕೊಟ್ಟಿರಲಿ, ಮನವಿ ಮಾಡಬಹುದೇ ಹೊರತು ಹಕ್ಕು ಸಾಧಿಸಲಾಗದು. ಹಣ ಸಮಯಕ್ಕೆ ಬಂದಿದ್ದರೂ ಕಂತಿಗೆ ಸಾಲುತ್ತಿರಲಿಲ್ಲ ಎಂದು ಮರುಲೆಕ್ಕದಲ್ಲಿ ಕಂಡರೆ ದಿನದ 100 ರೂಪಾಯಿ ಸಿಗುತ್ತದೆ, ಶುಲ್ಕ ಉಳಿಯುತ್ತದೆ. ಹೊಲಿಗೆಯವರು 7ರಂದು 2,000ದ ಬದಲು 2,300 ತೆಗೆದಿದ್ದರೂ ನಮ್ಮ ವಾದ ನಿಲ್ಲುತ್ತಿತ್ತು. ಆ ಬಳಿಕ ಗಡುವಿನ ದಿನದ ಆಸುಪಾಸು ಇನ್ನೂ 400 ರೂಪಾಯಿ ಎಲ್ಲಿಗಾದರೂ ಹೋಗಿದ್ದರೆ ಬಿದ್ದುಹೋಗುತ್ತಿತ್ತು. ಇನ್ನೊಂದು ಸಂಗತಿ ತಿರುಗುಮುರುಗು. ನಮ್ಮ ಖಾತೆಗೆ ತಪ್ಪಾಗಿ ಎರಡು ಸಲ ಜಮೆಯಾದ ಹಣವನ್ನು ಬ್ಯಾಂಕು ವಾರಗಳ ನಂತರ ಹಿಂದಕ್ಕೆ ಎಳೆದು, ಅಷ್ಟರಲ್ಲಿ ನಾವು ಅದನ್ನು ಖರ್ಚು ಮಾಡಿ ಖಾತೆ ಮೈನಸ್ ಆದರೆ, ಆ ಅಸಲು ನಮ್ಮದಾಗಿರಲಿಲ್ಲ. ಅಲ್ಲಿ ಕೇಳಬಹುದಾದದ್ದು ಮುನ್ಸೂಚನೆ ಕೊಡದೆ ಎಳೆದುದರಿಂದ ಬಿದ್ದ ಬೌನ್ಸ್ ಶುಲ್ಕವನ್ನು ಮಾತ್ರ.

ನ್ಯಾಚ್ ಬಗ್ಗೆಯೂ 2019ರ ಅದೇ ಸುತ್ತೋಲೆಯಲ್ಲಿ ಒಂದು ಸಾಲಿದೆ. ಅದನ್ನು ತಪ್ಪು ಜಾಗದಲ್ಲಿ ಬಳಸುವವರನ್ನು ಕಂಡಿದ್ದೇನೆ. ಮ್ಯಾಂಡೇಟನ್ನು ರದ್ದು ಮಾಡಿಸಿದ ಮೇಲೂ ಬ್ಯಾಂಕು ಹಣ ಕಳೆದರೆ ಮರುದಿನದೊಳಗೆ ಸರಿಪಡಿಸಬೇಕು, ಇಲ್ಲವಾದರೆ ದಿನಕ್ಕೆ 100 ರೂಪಾಯಿ ಎಂಬುದು ಆ ಸಾಲು. ರದ್ದು ಮಾಡಿಸಿದವರಿಗೆ ಮಾತ್ರ ಅದು ಸಲ್ಲುತ್ತದೆ, ಹಣವಿಲ್ಲದೆ ಬೌನ್ಸ್ ಆದವರಿಗಲ್ಲ.

ಹೊಲಿಗೆಯವರ ದೂರಿಗೆ 22ನೆಯ ದಿನ ಉತ್ತರ ಬಂತು. ಓಂಬುಡ್ಸ್‌ಮನ್ ತನಕ ಹೋಗಬೇಕಾಗಲಿಲ್ಲ. ತಡದ ಪರಿಹಾರ 900 ರೂಪಾಯಿ ಮೊದಲು ಜಮೆಯಾಯಿತು. 10 ಮತ್ತು 15ರ ಶುಲ್ಕಗಳು 500ರಂತೆ ಎರಡು ಸಾಲಾಗಿ ಬಂದವು, ಜಿಎಸ್‌ಟಿ ಬರಲಿಲ್ಲ. ಪತ್ರದ ಪ್ರತಿ ಹಿಡಿದು ಮತ್ತೆ ಹೋದ ಮೇಲೆ 180 ರೂಪಾಯಿಯೂ ಬಂತು. 5ನೆಯ ತಾರೀಖಿನ 590 ರೂಪಾಯಿಯನ್ನು ‘ನಿಯಮಾನುಸಾರ ವಿಧಿಸಲಾಗಿದೆ’ ಎಂದು ಉಳಿಸಿಕೊಂಡರು. ಅದರ ಮೇಲೆ ನಾವು ಮತ್ತೆ ಬರೆಯಲಿಲ್ಲ. ಈಗ ಅವರು ಕಂತಿನ ತಾರೀಖನ್ನು 5ರಿಂದ 12ಕ್ಕೆ ಬದಲಾಯಿಸಿಕೊಂಡಿದ್ದಾರೆ. ಬಟ್ಟೆ ಅಂಗಡಿಗೆ ಹೋಗುವುದು ಈಗಲೂ 3ರಂದೇ.